ರೂಟರಿನಲ್ಲಿ ದಾರಿ ತೆರೆದರೂ ಕ್ಯಾಮೆರಾ ಕಾಣದೇಕೆ?

ತೀರ್ಥಹಳ್ಳಿ ಕಡೆಯ ಒಂದು ತೋಟದ ಮನೆ ಎಂದುಕೊಳ್ಳಿ. ಫೈಬರ್ ಇಂಟರ್‌ನೆಟ್ ಬಂದಿದೆ. ಅಡಿಕೆ ಒಣಗಿಸುವ ಅಂಗಳಕ್ಕೆ ಸಿಸಿ ಕ್ಯಾಮೆರಾ ಹಾಕಿಸಿ, ದೃಶ್ಯ ದಾಖಲಿಸಲು ಡಿವಿಆರ್ ಇಟ್ಟಿದ್ದಾರೆ. ಬೆಂಗಳೂರಿನಲ್ಲಿರುವ ಮಗನಿಗೆ ಅಲ್ಲಿಂದಲೇ ಅಂಗಳ ನೋಡಬೇಕು. ರಜೆಗೆ ಬಂದಾಗ ರೂಟರಿನಲ್ಲಿ ಪೋರ್ಟ್ ಫಾರ್ವರ್ಡಿಂಗ್ ಮಾಡುತ್ತಾನೆ: ಹೊರಗಿನಿಂದ 8000ನೇ ಪೋರ್ಟಿಗೆ ಬಂದದ್ದೆಲ್ಲ 192.168.1.50 ಎಂಬ ಡಿವಿಆರ್‌ಗೆ ಹೋಗಲಿ, ಅಂತ. ಮನೆಯ ವೈಫೈನಲ್ಲಿ ಚಿತ್ರ ಚೆನ್ನಾಗಿ ಬರುತ್ತದೆ. ಬೆಂಗಳೂರಿಗೆ ಹೋಗಿ ನೋಡಿದರೆ ಏನೂ ಇಲ್ಲ.

ಅವನು ಬರೆದ ನಿಯಮದಲ್ಲಿ ತಪ್ಪಿಲ್ಲ. ಬೆಂಗಳೂರಿನ ಕೋರಿಕೆ ಆ ರೂಟರಿನವರೆಗೆ ಬರುವುದೇ ಇಲ್ಲ.

ಹಳೆಯ ಐಪಿವಿ4 ವಿಳಾಸಗಳು ಒಟ್ಟು ಸುಮಾರು 429 ಕೋಟಿ. ಜಗತ್ತಿನ ಸಾಧನಗಳಿಗೆ ಅಷ್ಟು ಸಾಲದು. 2011ರ ಫೆಬ್ರುವರಿಯಲ್ಲಿ ಕೇಂದ್ರ ದಾಸ್ತಾನಿನಲ್ಲಿದ್ದ ಕೊನೆಯ ಕಂತುಗಳೂ ಹಂಚಿಹೋದವು. ಅದರಿಂದಾಗಿ ಅನೇಕ ಇಂಟರ್‌ನೆಟ್ ಕಂಪನಿಗಳು ಒಂದೇ ಸಾರ್ವಜನಿಕ ವಿಳಾಸವನ್ನು ಹಲವು ಮನೆಗಳಿಗೆ ಹಂಚುತ್ತವೆ. ಈ ಹಂಚಿಕೆ ಮಾಡುವುದು ಕಂಪನಿಯ ಕಡೆಯಲ್ಲಿರುವ ದೊಡ್ಡ ಯಂತ್ರ; ವ್ಯವಸ್ಥೆಯ ಹೆಸರು ಕ್ಯಾರಿಯರ್ ಗ್ರೇಡ್ ನ್ಯಾಟ್, ಚಿಕ್ಕದಾಗಿ ಸಿಜಿನ್ಯಾಟ್.

ಮನೆಯಿಂದ ಯಾರಾದರೂ ಒಂದು ಜಾಲತಾಣ ತೆರೆದರೆ, ಆ ಯಂತ್ರ ತನ್ನ ಪಟ್ಟಿಯಲ್ಲಿ ‘ಈ ಪೋರ್ಟಿಗೆ ಬರುವ ಉತ್ತರ ಇಂಥ ಮನೆಯದು’ ಎಂದು ಬರೆದುಕೊಳ್ಳುತ್ತದೆ. ಉತ್ತರ ಬಂದಾಗ ಪಟ್ಟಿ ನೋಡಿ ಆ ಮನೆಗೆ ದಾಟಿಸುತ್ತದೆ. ಬೆಂಗಳೂರಿನಿಂದ ಬಂದ ಕೋರಿಕೆ ಯಾವುದಕ್ಕೂ ಉತ್ತರವಲ್ಲ, ಹೊಸದಾಗಿ ಬಂದದ್ದು. ಪಟ್ಟಿಯಲ್ಲಿ ಅದಕ್ಕೆ ಸಾಲಿಲ್ಲ, ಯಾವ ಮನೆಗೆ ಎಂದು ಗೊತ್ತಿಲ್ಲ. ಯಂತ್ರ ಅದನ್ನು ಅಲ್ಲೇ ಕೈಬಿಡುತ್ತದೆ. ಆ ಪಟ್ಟಿಗೆ ಒಂದು ಸಾಲು ಸೇರಿಸುವ ಅಧಿಕಾರ ಗ್ರಾಹಕನಿಗಿಲ್ಲ. ಡೈನಮಿಕ್ ಡಿಎನ್‌ಎಸ್ ಹಾಕಿದರೂ ಉಪಯೋಗವಿಲ್ಲ, ಅದು ತೋರಿಸುವುದೂ ಅದೇ ಹಂಚಿಕೆಯ ವಿಳಾಸವನ್ನು.

ಇದನ್ನು ಪತ್ತೆಹಚ್ಚುವುದು ಸುಲಭ. ರೂಟರಿನ ಸ್ಟೇಟಸ್ ಪುಟದಲ್ಲಿ WAN IP ಎಂಬ ಸಾಲು ನೋಡಿ. ಆಮೇಲೆ ‘ನನ್ನ ಐಪಿ ಯಾವುದು’ ಎಂದು ತೋರಿಸುವ ಯಾವುದಾದರೂ ತಾಣದಲ್ಲಿ ಬರುವ ಐಪಿವಿ4 ವಿಳಾಸದ ಜೊತೆ ಹೋಲಿಸಿ. ಎರಡೂ ಒಂದೇ ಆಗಿದ್ದರೆ ತೊಂದರೆ ಬೇರೆಡೆ ಇದೆ. ರೂಟರಿನಲ್ಲಿರುವುದು 100.64ರಿಂದ 100.127ರವರೆಗಿನ ಅಂಕಿಗಳಿಂದ ಶುರುವಾಗಿದ್ದರೆ ಅದು ಸಿಜಿನ್ಯಾಟ್. ಈ ಸರಣಿಯನ್ನು 2012ರಲ್ಲಿ ಇದೇ ಕೆಲಸಕ್ಕೆಂದು ಮೀಸಲಿಡಲಾಯಿತು. ಕೆಲವು ಕಂಪನಿಗಳು 10ರಿಂದ ಶುರುವಾಗುವ ವಿಳಾಸವನ್ನೂ ಬಳಸುತ್ತವೆ. 192.168 ಎಂದು ಕಂಡರೆ ಮಾತ್ರ ಮೊದಲು ಮನೆಯೊಳಗೇ ನೋಡಿ: ಕಂಪನಿಯ ಮೋಡೆಮ್‌ನ ಹಿಂದೆ ನಿಮ್ಮದೇ ಇನ್ನೊಂದು ರೂಟರ್ ಇರಬಹುದು. ಹಾಗಿದ್ದರೆ ಎರಡರಲ್ಲೂ ಫಾರ್ವರ್ಡ್ ಮಾಡಿ ಪರೀಕ್ಷಿಸಬಹುದು.

ಸಿಜಿನ್ಯಾಟ್ ಎಂದು ಖಚಿತವಾದರೆ, ಕಂಪನಿಯನ್ನು ಕೇಳಿ ಸ್ಟ್ಯಾಟಿಕ್ ಐಪಿ ಪಡೆಯುವುದು ನೇರವಾದ ದಾರಿ. ಸಾಮಾನ್ಯವಾಗಿ ಇದಕ್ಕೆ ಹೆಚ್ಚುವರಿ ಶುಲ್ಕವಿರುತ್ತದೆ. ಎಲ್ಲ ಪ್ಲಾನ್‌ಗಳಲ್ಲೂ ಕೊಡುವುದಿಲ್ಲ. ಎರಡನೆಯದು ಐಪಿವಿ6. ಅದರಲ್ಲಿ ಪ್ರತಿ ಸಾಧನಕ್ಕೂ ಸ್ವಂತ ವಿಳಾಸ ಸಿಗುವುದರಿಂದ ಹಂಚಿಕೆಯ ಮಾತೇ ಇಲ್ಲ. ರೂಟರಿನ ಫೈರ್‌ವಾಲ್‌ನಲ್ಲಿ ಆ ಸಾಧನಕ್ಕೆ ಅನುಮತಿ ಕೊಟ್ಟರೆ ಸಾಕು. ಆದರೆ ಡಿವಿಆರ್‌ಗೆ ಐಪಿವಿ6 ತಿಳಿದಿರಬೇಕು, ನೋಡುವವರ ಇಂಟರ್‌ನೆಟ್‌ನಲ್ಲೂ ಅದು ಇರಬೇಕು. ಹಳೆಯ ಡಿವಿಆರ್‌ಗಳು ಇಲ್ಲೇ ಸೋಲುತ್ತವೆ.

ಮೂರನೆಯ ದಾರಿ ಸಿಜಿನ್ಯಾಟ್‌ನ ಸ್ವಭಾವವನ್ನೇ ಬಳಸಿಕೊಳ್ಳುತ್ತದೆ. ಒಳಗಿನಿಂದ ಹೊರಟ ಸಂಪರ್ಕಕ್ಕೆ ತಡೆಯಿಲ್ಲವಲ್ಲ, ಹಾಗಾದರೆ ಮನೆಯೇ ಮೊದಲು ಮಾತಾಡಲಿ. ಟೇಲ್‌ಸ್ಕೇಲ್‌ನಂಥ ತಂತ್ರಾಂಶ ಮಾಡುವುದು ಇದನ್ನೇ. ಡಿವಿಆರ್‌ನಲ್ಲಿ ಅದನ್ನು ಹಾಕಲಾಗದು. ತೋಟದ ಮನೆಯಲ್ಲಿ ಸದಾ ಚಾಲೂ ಇರುವ ಹಳೆಯ ಲ್ಯಾಪ್‌ಟಾಪ್ ಅಥವಾ ರಾಸ್‌ಬೆರಿ ಪೈ ಬೇಕು. ಲಿನಕ್ಸ್‌ನಲ್ಲಿ ಐಪಿ ಫಾರ್ವರ್ಡಿಂಗ್ ಚಾಲೂ ಮಾಡಿ ಈ ಆಜ್ಞೆ ಕೊಡಬೇಕು:

```
sudo tailscale up --advertise-routes=192.168.1.0/24
```

ನಂತರ ಟೇಲ್‌ಸ್ಕೇಲ್ ಖಾತೆಯ ಪುಟದಲ್ಲಿ ಈ ಮಾರ್ಗಕ್ಕೆ ಒಪ್ಪಿಗೆ ಕೊಟ್ಟು, ಮಗನ ಫೋನಿನಲ್ಲಿ ಅದೇ ಖಾತೆಯಿಂದ ಆ್ಯಪ್ ತೆರೆದರೆ 192.168.1.50 ಬೆಂಗಳೂರಿನಿಂದಲೂ ಸಿಗುತ್ತದೆ. ಎರಡೂ ಕಡೆಯವರು ಹೊರಮುಖವಾಗಿ ಸಂಪರ್ಕ ಶುರುಮಾಡಿ, ಪಟ್ಟಿಗಳಲ್ಲಿ ಬಿದ್ದ ಸಾಲುಗಳ ಮೂಲಕ ನೇರವಾಗಿ ಭೇಟಿಯಾಗಲು ನೋಡುತ್ತಾರೆ. ಆಗದಿದ್ದರೆ ನಡುವಿನ ಸರ್ವರ್ ಮೂಲಕ ದತ್ತಾಂಶ ಹರಿಯುತ್ತದೆ. ಆಗ ವಿಡಿಯೊ ಸ್ವಲ್ಪ ನಿಧಾನವಾಗಬಹುದು. ಬೆಂಗಳೂರಿನ ಮನೆಯ ವೈಫೈ ಕೂಡ 192.168.1 ಸರಣಿಯಲ್ಲೇ ಇದ್ದರೆ ಫೋನಿಗೆ ಗೊಂದಲವಾಗುತ್ತದೆ. ಒಂದು ಮನೆಯ ಸರಣಿಯನ್ನು 192.168.37 ಎಂದೇನಾದರೂ ಬದಲಿಸಿಕೊಂಡರೆ ಸರಿಹೋಗುತ್ತದೆ. ತೋಟದ ಮನೆಯದನ್ನು ಬದಲಿಸಿದರೆ ಆಜ್ಞೆಯಲ್ಲೂ ಬದಲಿಸಬೇಕು.

ಸ್ಟ್ಯಾಟಿಕ್ ಐಪಿ ಸಿಕ್ಕವರಿಗೂ ಕ್ಯಾಮೆರಾದ ಮಟ್ಟಿಗೆ ಈ ಮೂರನೆಯ ದಾರಿಯೇ ಮೇಲು. ಪೋರ್ಟ್ ತೆರೆದರೆ ಅದು ಮಗನಿಗಷ್ಟೇ ಅಲ್ಲ, ಇಡೀ ಜಗತ್ತಿಗೆ ತೆರೆದಂತೆ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಕಾರ್ಖಾನೆಯ ಪಾಸ್‌ವರ್ಡ್ ಬದಲಿಸದ ಕ್ಯಾಮೆರಾ, ಡಿವಿಆರ್‌ಗಳನ್ನು ಹುಡುಕಿ ವಶಪಡಿಸಿಕೊಂಡಿತ್ತು. ಖಾಸಗಿ ಸುರಂಗದಲ್ಲಿ ಅಪರಿಚಿತರು ತಟ್ಟಬಹುದಾದ ಪೋರ್ಟ್ ಹೊರಗೆ ಕಾಣುವುದೇ ಇಲ್ಲ. ಸಾರ್ವಜನಿಕರೆಲ್ಲ ನೋಡಬೇಕಾದ ಜಾಲತಾಣವನ್ನು ಮನೆಯಿಂದ ನಡೆಸುವವರಿಗೆ ಮಾತ್ರ ಸ್ಟ್ಯಾಟಿಕ್ ಐಪಿಯೋ, ಕ್ಲೌಡ್‌ಫ್ಲೇರ್ ಟನಲ್‌ನಂಥ ಸೇವೆಯೋ ಬೇಕಾಗುತ್ತದೆ.