ಕರಿಚಿರತೆಯ ಮೈಮೇಲಿನ ಚುಕ್ಕೆಗಳು

ಕಬಿನಿ ಹಿನ್ನೀರಿನ ಕಾಡಿನಲ್ಲಿ ಕಾಣಿಸಿಕೊಂಡು ಹೆಸರಾದ ಕರಿಚಿರತೆ ಬೇರೆ ಜಾತಿಯ ಪ್ರಾಣಿಯಲ್ಲ, ನಮ್ಮ ಸಾಮಾನ್ಯ ಚಿರತೆಯೇ. ಇಳಿಬಿಸಿಲು ಓರೆಯಾಗಿ ಬಿದ್ದಾಗ ಅದರ ಕಪ್ಪು ತುಪ್ಪಳದೊಳಗೆ ಚುಕ್ಕೆಗಳು ಹೊಳೆಯುತ್ತವೆ.

ಕಪ್ಪು ವರ್ಣಕವಾದ ಮೆಲನಿನ್ ಹೆಚ್ಚಾಗುವುದೇ ಇದಕ್ಕೆ ಕಾರಣ. ಚಿರತೆಗಳಲ್ಲಿ ಈ ಗುಣ ಅಡಗಿ ಸಾಗುತ್ತದೆ: ತಂದೆ, ತಾಯಿ ಇಬ್ಬರಿಂದಲೂ ಬದಲಾದ ಜೀನ್ ಬಂದರೆ ಮಾತ್ರ ಮರಿ ಕಪ್ಪು. ಆದ್ದರಿಂದ ಇಬ್ಬರೂ ಹಳದಿ ಮೈಯವರಾಗಿದ್ದು, ಆ ಜೀನನ್ನು ಒಂದೊಂದು ಪ್ರತಿಯಾಗಿ ಹೊತ್ತಿದ್ದರೆ, ಪ್ರತಿ ಮರಿಯೂ ಕಪ್ಪಾಗುವ ಸಾಧ್ಯತೆ ನಾಲ್ಕರಲ್ಲಿ ಒಂದು. ಒಂದೇ ಸೂಲಿನಲ್ಲಿ ಎರಡೂ ಬಣ್ಣದ ಮರಿಗಳು ಹುಟ್ಟುವುದು ಹೀಗೆ.

ಮಲೇಷ್ಯಾದ ಕಾಡುಗಳಲ್ಲಂತೂ ಹೆಚ್ಚುಕಡಿಮೆ ಎಲ್ಲ ಚಿರತೆಗಳೂ ಕಪ್ಪೇ. ಚಿರತೆಗಳನ್ನು ಎಣಿಸುವವರು ಚುಕ್ಕೆಗಳ ವಿನ್ಯಾಸ ನೋಡಿ ಒಂದೊಂದನ್ನು ಗುರುತಿಸುತ್ತಾರೆ. ಇಲ್ಲಿ ಹಗಲಿನ ಚಿತ್ರಗಳಲ್ಲಿ ಬರೀ ಕಪ್ಪು ಆಕೃತಿ. ಸಂಶೋಧಕರು ಕಂಡುಕೊಂಡ ಉಪಾಯ ಸೊಗಸಾದದ್ದು. ಕ್ಯಾಮೆರಾಗಳು ಹಗಲಲ್ಲೂ ರಾತ್ರಿಯಂತೆ ಇನ್‌ಫ್ರಾರೆಡ್ ಬೆಳಕು ಚೆಲ್ಲುವ ಹಾಗೆ ಮಾಡಿದರು. ಆ ಬೆಳಕಿನಲ್ಲಿ ಅಡಗಿದ್ದ ಚುಕ್ಕೆಗಳು ಸ್ಪಷ್ಟವಾಗಿ ಮೂಡಿದವು. 2015ರಲ್ಲಿ ಪ್ರಕಟವಾದ ಆ ಅಧ್ಯಯನ, ಅಲ್ಲಿನ ಕರಿಚಿರತೆಗಳ ಸಾಂದ್ರತೆಯನ್ನು ಅಂದಾಜಿಸಿತು.

ಬಿಳಿ ನವಿಲಿನದು ಇದಕ್ಕೆ ತಿರುವುಮುರುವು, ಅಲ್ಲಿ ಗರಿಗೆ ವರ್ಣಕವೇ ಸೇರುವುದಿಲ್ಲ. ಕಣ್ಣು ಮಾತ್ರ ಬಣ್ಣ ಉಳಿಸಿಕೊಂಡಿದ್ದರೆ ಅದು ಆಲ್ಬಿನೋ ಅಲ್ಲ.