ಹಳೆಯ ಗಿರಾಕಿಗೆ ಬಾಕಿ ಕೇಳುವ ಬಗೆ

ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಅನ್ನುವ ಗಾದೆಯನ್ನು ಪೀಣ್ಯದ ಸಣ್ಣ ವರ್ಕ್‌ಶಾಪಿನವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ನಾಲ್ಕು ಲೇತ್ ಇಟ್ಟುಕೊಂಡು, ಪಂಪ್ ತಯಾರಿಸುವ ಕಂಪನಿಗೆ ಶಾಫ್ಟ್ ಮಾಡಿಕೊಡುವವರ ಕಷ್ಟ ಆರ್ಡರು ಹಿಡಿಯುವುದರಲ್ಲಿ ಅರ್ಧ, ದುಡ್ಡು ವಸೂಲು ಮಾಡುವುದರಲ್ಲಿ ಅರ್ಧ. ಹೊಸ ಗಿರಾಕಿಯಾದರೆ ತೊಂದರೆಯಿಲ್ಲ, ಮುಂಗಡ ಕೇಳಬಹುದು. ಹನ್ನೆರಡು ವರ್ಷದಿಂದ ಕೆಲಸ ಕೊಡುತ್ತಿರುವ, ಮಗಳ ಮದುವೆಗೆ ಬಂದು ಊಟ ಮಾಡಿ ಹೋದ ಯಜಮಾನರನ್ನು ‘ನಮ್ಮ ದುಡ್ಡು ಯಾವಾಗ ಕೊಡ್ತೀರಿ’ ಎಂದು ಕೇಳುವುದಕ್ಕೆ ನಾಲಿಗೆ ಏಳುವುದಿಲ್ಲ.

ನಾಲಿಗೆ ಏಳದವರು ಸಾಮಾನ್ಯವಾಗಿ ಏನು ಮಾಡುತ್ತಾರೆಂದರೆ, ಎರಡು ತಿಂಗಳು ಸುಮ್ಮನಿರುತ್ತಾರೆ. ಮೂರನೇ ತಿಂಗಳು ಉಕ್ಕಿನವನು ಬಾಗಿಲಿಗೆ ಬಂದು ನಿಂತ ದಿನ ಒಳಗಿದ್ದದ್ದೆಲ್ಲ ಒಮ್ಮೆಗೇ ಹೊರಗೆ ಬರುತ್ತದೆ. ಫೋನಿನಲ್ಲಿ ಜಗಳ, ಆಮೇಲೆ ಪಶ್ಚಾತ್ತಾಪ. ಒರಟು ಮಾತು ಆಡಿದವರಲ್ಲಿ ಬಹುಪಾಲು ಜನ ಒರಟರಲ್ಲ, ತಡವಾಗಿ ಕೇಳಿದವರು. ಬೇಗ ಕೇಳಿದರೆ ಮೆತ್ತಗೆ ಕೇಳಬಹುದು. ಮೊದಲ ವಾರದಲ್ಲಿ ‘ಬಂದಿಲ್ಲವಲ್ಲ ಸಾರ್’ ಎಂದರೆ ಯಾರಿಗೂ ಬೇಸರವಾಗುವುದಿಲ್ಲ.

ಒಂದು ಲೆಕ್ಕ ಹಿಡಿದು ನೋಡೋಣ. ಜೂನ್ 8ರಂದು ಎರಡು ಲಕ್ಷ ರೂಪಾಯಿಯ ಶಾಫ್ಟ್ ಕಳಿಸಿದ್ದೇವೆ. ಶೇಕಡಾ 18ರಂತೆ ಜಿಎಸ್‌ಟಿ 36,000 ಸೇರಿ ಬಿಲ್ಲು 2,36,000. ಪರ್ಚೇಸ್ ಆರ್ಡರಿನಲ್ಲಿ ಬರೆದಿರುವ ವಾಯಿದೆ 30 ದಿನ, ಅಂದರೆ ಜುಲೈ 8. ದುಡ್ಡು ಬರಲಿ ಬಿಡಲಿ, ತಿಂಗಳು ತಿಂಗಳು ರಿಟರ್ನ್ ಹಾಕುವವರು ಜುಲೈ 20ರೊಳಗೆ ಆ 36,000ವನ್ನು ಸರ್ಕಾರಕ್ಕೆ ಕಟ್ಟಲೇಬೇಕು. ಅಂದರೆ ಗಿರಾಕಿ ತಡ ಮಾಡಿದರೆ ನಾವು ಅವರಿಗೆ ಮಾಲನ್ನಷ್ಟೇ ಸಾಲ ಕೊಟ್ಟಂತಾಗುವುದಿಲ್ಲ, ಅವರ ತೆರಿಗೆಯನ್ನೂ ಕೈಯಿಂದ ಕಟ್ಟಿದಂತಾಗುತ್ತದೆ.

ಜ್ಞಾಪನೆಯ ಮೊದಲ ಫೋನ್ ಹೋಗಬೇಕಾದದ್ದು ವಾಯಿದೆ ಮುಗಿದ ಮೇಲಲ್ಲ, ಒಂದು ವಾರ ಮುಂಚೆ. ಅದೂ ಯಜಮಾನರಿಗಲ್ಲ, ಅಕೌಂಟ್ಸ್‌ನವರಿಗೆ. ‘ನಮ್ಮ ಬಿಲ್ಲು ಬಂದಿದೆಯಾ ಮೇಡಂ, ಸ್ಟೋರಿನಿಂದ ಜಿಆರ್‌ಎನ್ ಆಗಿದೆಯಾ’ ಎಂದಷ್ಟೇ ಕೇಳಿದರೆ ಸಾಕು. ಜಿಆರ್‌ಎನ್ ಎಂದರೆ ಮಾಲು ಎಣಿಸಿ, ಸರಿಯಿದೆಯೆಂದು ಒಳಗೆ ತೆಗೆದುಕೊಂಡದ್ದಕ್ಕೆ ಸ್ಟೋರಿನವರು ಹಾಕುವ ದಾಖಲೆ. ಅದು ಆಗದೆ ಬಿಲ್ಲು ಮುಂದಕ್ಕೆ ಹೋಗುವುದಿಲ್ಲ. ಕೊಡುವ ಮನಸ್ಸಿದ್ದೂ ದುಡ್ಡು ನಿಂತುಹೋಗುವುದು ಎಷ್ಟೋ ಸಲ ಇಲ್ಲಿಯೇ: ಬಿಲ್ಲಿನ ಮೇಲೆ ಆರ್ಡರ್ ನಂಬರ್ ಇಲ್ಲ, ದರದಲ್ಲಿ ಎಂಟಾಣೆ ವ್ಯತ್ಯಾಸ, ಹತ್ತು ಶಾಫ್ಟ್ ರಿಜೆಕ್ಟ್ ಆಗಿ ಮೂಲೆಯಲ್ಲಿ ಬಿದ್ದಿವೆ. ಇದು ಗೊತ್ತಿಲ್ಲದೆ ನಾವು ಯಜಮಾನರ ಮೇಲೆ ಮುನಿಸಿಕೊಂಡಿರುತ್ತೇವೆ. ಅವರಿಗೋ ಬಿಲ್ಲು ಟೇಬಲ್ಲಿಗೇ ಬಂದಿರುವುದಿಲ್ಲ.

ಜುಲೈ 8 ದಾಟಿತು, ದುಡ್ಡು ಬರಲಿಲ್ಲ ಎನ್ನೋಣ. ಈಗ ಹೆಚ್ಚಿನವರು ವಾಟ್ಸ್‌ಆ್ಯಪಿನಲ್ಲಿ ಬರೆಯುವ ಮಾತು ಹೀಗಿರುತ್ತದೆ:

‘ನಮಸ್ಕಾರ ಸಾರ್, ಚೆನ್ನಾಗಿದ್ದೀರಾ? ತೊಂದರೆ ಕೊಡ್ತಿರೋದಕ್ಕೆ ಕ್ಷಮಿಸಿ. ಸ್ವಲ್ಪ ಬಾಕಿ ಇತ್ತು. ಅನುಕೂಲ ಆದಾಗ ನೋಡಿ ಸಾರ್, ಅರ್ಜೆಂಟ್ ಏನಿಲ್ಲ.’

ಇದರಲ್ಲಿ ಬಿಲ್ ನಂಬರ್ ಇಲ್ಲ, ಮೊತ್ತವಿಲ್ಲ, ದಿನಾಂಕವಿಲ್ಲ. ಇರುವುದು ಎರಡೇ ಖಚಿತ ಮಾಹಿತಿ: ಕೇಳಿದ್ದು ನಮ್ಮ ತಪ್ಪು, ಮತ್ತು ಅವಸರವಿಲ್ಲ. ಓದಿದವರು ನಮ್ಮ ಮಾತನ್ನೇ ನಂಬುತ್ತಾರೆ. ಈ ವಾರ ಐದು ಜನರಿಗೆ ಕೊಡಬೇಕು, ಇರುವುದು ಮೂವರಿಗಾಗುವಷ್ಟು ದುಡ್ಡು ಎಂದಾದಾಗ ಅವಸರವಿಲ್ಲ ಎಂದವರ ಹೆಸರು ಕೊನೆಗೆ ಹೋಗುವುದರಲ್ಲಿ ಅನ್ಯಾಯವೇನೂ ಇಲ್ಲ. ಜುಲೈ 15ರಂದು ಇದೇ ಮಾತನ್ನು ಹೀಗೆ ಬರೆಯಬಹುದು:

‘ಸಾರ್ ನಮಸ್ಕಾರ. ಜೂನ್ 8ರ ಬಿಲ್ ನಂಬರ್ 117, ಮೊತ್ತ 2,36,000 ರೂಪಾಯಿ. ವಾಯಿದೆ ಜುಲೈ 8ಕ್ಕೆ ಮುಗಿದಿದೆ, ನಮ್ಮ ಖಾತೆಗೆ ಇನ್ನೂ ಬಂದಿಲ್ಲ. ಬಿಲ್ಲಿನಲ್ಲಾಗಲಿ ಮಾಲಿನಲ್ಲಾಗಲಿ ತಕರಾರಿದ್ದರೆ ನಾಳೆಯೊಳಗೆ ತಿಳಿಸಿ, ನಾನೇ ಬಂದು ನೋಡುತ್ತೇನೆ. ಇಲ್ಲವಾದರೆ ಜುಲೈ 22, ಬುಧವಾರದೊಳಗೆ ಹಾಕಿಸಿಕೊಡಿ.’

ಇದರಲ್ಲಿ ಒರಟುತನ ಎಲ್ಲೂ ಇಲ್ಲ. ನಮಸ್ಕಾರವಿದೆ, ‘ನಾನೇ ಬಂದು ನೋಡುತ್ತೇನೆ’ ಎಂಬ ಮಾತಿದೆ. ಗಮನಿಸಬೇಕಾದದ್ದು ಆ ಆತ್ಮೀಯತೆ ಎಲ್ಲಿ ಕೂತಿದೆ ಎಂಬುದನ್ನು. ಅದು ಮಾಲಿನ ಕಡೆಗಿದೆ, ಮನುಷ್ಯನ ಕಡೆಗಿದೆ. ಮೊತ್ತ ಮತ್ತು ತಾರೀಖು ಇರುವ ವಾಕ್ಯದೊಳಕ್ಕೆ ಅದು ಕಾಲಿಟ್ಟಿಲ್ಲ. ‘ಸಾಧ್ಯವಾದರೆ’, ‘ಸ್ವಲ್ಪ’, ‘ಆದಷ್ಟು ಬೇಗ’, ‘ಅನುಕೂಲ ನೋಡಿಕೊಂಡು’ ಈ ಮಾತುಗಳಲ್ಲಿ ಒಂದು ಗಡುವಿನ ಪಕ್ಕ ಬಂದು ಕೂತರೂ ಅದು ಗಡುವಾಗಿ ಉಳಿಯುವುದಿಲ್ಲ. ಪ್ರೀತಿ ತೋರಿಸಬೇಕಾದರೆ ಅದಕ್ಕೆ ಬೇರೆ ವಾಕ್ಯ ಬರೆಯಿರಿ.

‘ನಮ್ಮ ಆಡಿಟರ್ ಬಯ್ತಿದ್ದಾರೆ ಸಾರ್’ ಎಂದು ಬರೆಯುವ ಚಾಳಿಯೂ ಇದೆ. ಅದನ್ನು ಕೇಳಿದವರಿಗೆ ಆಡಿಟರ್ ಬಯ್ದಿಲ್ಲವೆಂದು ಗೊತ್ತಿರುತ್ತದೆ. ಅವರೂ ಬೇರೆಯವರಿಗೆ ಅದನ್ನೇ ಹೇಳಿರುತ್ತಾರೆ.

ತಾರೀಖು ಆರಿಸುವುದರಲ್ಲೂ ಒಂದು ಲೆಕ್ಕಾಚಾರವಿದೆ. ಶುಕ್ರವಾರ ಮನೆಯಿಂದ ಲಕ್ಷ್ಮಿಯನ್ನು ಹೊರಗೆ ಕಳಿಸಬಾರದು ಎನ್ನುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ, ಮಂಗಳವಾರವೂ ಕೊಡದವರಿದ್ದಾರೆ. ಎರಡನೇ ಮತ್ತು ನಾಲ್ಕನೇ ಶನಿವಾರ ಬ್ಯಾಂಕಿಗೆ ರಜೆ. ಇಂಥ ದಿನ ಗಡುವು ಇಟ್ಟರೆ ನೆಪವನ್ನು ನಾವೇ ಕೈಗೆ ಕೊಟ್ಟ ಹಾಗೆ. ಕೆಲವು ಕಂಪನಿಗಳಲ್ಲಿ ವಾರಕ್ಕೊಂದು, ತಿಂಗಳಿಗೆರಡು ಪೇಮೆಂಟ್ ದಿನ ಅಂತಲೇ ಇರುತ್ತದೆ. ಅದು ಯಾವುದೆಂದು ಅಕೌಂಟ್ಸ್‌ನವರನ್ನು ಕೇಳಿಟ್ಟುಕೊಂಡು ಆ ದಿನಕ್ಕೇ ಗಡುವು ಹಾಕಿದರೆ ಅರ್ಧ ಕೆಲಸ ಆದಂತೆ. ಯಜಮಾನರು ಎದುರು ಸಿಕ್ಕಾಗ ‘ಹಾಕಿಸ್ತೀನಿ ಬಿಡಿ’ ಎಂದರೆ ನಗುತ್ತಲೇ ‘ಯಾವ ದಿನ ಅಂತ ಬರ್ಕೊಳ್ಳಲಿ ಸಾರ್’ ಎಂದು ಕೇಳಬೇಕು. ಅವರ ಬಾಯಿಂದಲೇ ಬಂದ ತಾರೀಖನ್ನು ಅದೇ ಸಂಜೆ ಮೆಸೇಜಿನಲ್ಲಿ ಹಾಕಿಬಿಡಬೇಕು. ಗುಂಪಿನಲ್ಲಿ ಮಾತ್ರ ಬೇಡ. ನಾಲ್ಕು ಜನರೆದುರು ಬಾಕಿ ಕೇಳಿಸಿಕೊಂಡವರು ದುಡ್ಡು ಕೊಟ್ಟಾರು, ಆಮೇಲೆ ಕೆಲಸ ಕೊಡುವುದಿಲ್ಲ.

22ನೇ ತಾರೀಖೂ ಕಳೆಯಿತು. ಮರುದಿನವೇ, ಅಂದರೆ 23ಕ್ಕೆ, ಈಗ ಯಜಮಾನರಿಗೆ ನೇರವಾಗಿ ಬರೆಯಬೇಕು. ಮೂರು ದಿನ ಬಿಟ್ಟು ಬರೆದರೆ ನಮ್ಮ ಗಡುವಿಗೆ ನಾವೇ ಬೆಲೆ ಕೊಡಲಿಲ್ಲವೆಂದಾಗುತ್ತದೆ.

‘ಸಾರ್, ಹನ್ನೆರಡು ವರ್ಷದಿಂದ ನಿಮ್ಮ ಕೆಲಸ ಮಾಡ್ತಿದ್ದೀವಿ, ಹೀಗೆ ಬರೆಯೋ ಪ್ರಸಂಗ ಬಂದಿರಲಿಲ್ಲ. ಬಿಲ್ 117ರ 2,36,000 ರೂಪಾಯಿ ಇನ್ನೂ ಬಂದಿಲ್ಲ. ಜುಲೈ 29, ಬುಧವಾರ ಸಂಜೆ 5ರೊಳಗೆ ಬರದಿದ್ದರೆ ಆಗಸ್ಟ್ ಆರ್ಡರಿನ ಶಾಫ್ಟ್ ಕಳಿಸೋಕೆ ಆಗೋದಿಲ್ಲ. ದುಡ್ಡು ಬಂದ ದಿನವೇ ಲೋಡ್ ಮಾಡಿಸ್ತೀನಿ. ಒಂದೇ ಸಲ ಕಷ್ಟ ಅನ್ನೋದಾದರೆ ಸೋಮವಾರದೊಳಗೆ ಫೋನ್ ಮಾಡಿ, ಕಂತು ಮಾತಾಡೋಣ.’

ಇಲ್ಲಿ ಹೇಳಿದ ಪರಿಣಾಮ ನಮ್ಮ ಕೈಯಲ್ಲೇ ಇರುವಂಥದ್ದು. ಕೋರ್ಟಿಗೆ ಹೋಗುತ್ತೇನೆ ಎಂದು ಬರೆದು ಹೋಗದೇ ಇರುವುದಕ್ಕಿಂತ, ಮಾಲು ಕಳಿಸುವುದಿಲ್ಲ ಎಂದು ಬರೆದು ನಿಜವಾಗಿ ನಿಲ್ಲಿಸುವುದು ಮೇಲು. ಬಹಳ ಜನ ಸೋಲುವುದು ಈ ಹಂತದಲ್ಲಿಯೇ. 29 ದಾಟುತ್ತದೆ, 30ಕ್ಕೆ ಪರ್ಚೇಸ್‌ನವರು ‘ಲೈನ್ ನಿಂತುಹೋಗುತ್ತೆ, ದಯವಿಟ್ಟು ಕಳಿಸಿ’ ಎನ್ನುತ್ತಾರೆ, ಮನಸ್ಸು ಕರಗಿ ಟೆಂಪೋ ಹೊರಡುತ್ತದೆ. ಅಲ್ಲಿಂದ ಮುಂದೆ ನಾವು ಬರೆಯುವ ಯಾವ ಗಡುವನ್ನೂ ಯಾರೂ ಓದುವುದಿಲ್ಲ.

ಸೋಮವಾರ ಫೋನ್ ಬಂದು, ಅವರ ಕಷ್ಟ ನಿಜವೆಂದು ನಮಗೂ ಅನಿಸಿತೆನ್ನಿ. ಹಳೆಯ ಸಂಬಂಧಕ್ಕೆ ಬೆಲೆ ಕೊಡುವ ಜಾಗ ಇದು, ಧಾರಾಳವಾಗಿ ಕೊಡಬಹುದು: 29ಕ್ಕೆ ಒಂದು ಲಕ್ಷ, ಆಗಸ್ಟ್ 12ಕ್ಕೆ ಉಳಿದ 1,36,000, ಅಲ್ಲಿಯವರೆಗೆ ಹೊಸ ಮಾಲಿಗೆ ಮುಂಗಡ. ದುಡ್ಡು ಬರುವ ದಾರಿಯನ್ನು ಬದಲಿಸಿದ್ದೇವೆಯೇ ಹೊರತು ತಾರೀಖಿಲ್ಲದ ಕಂತು ಒಂದನ್ನೂ ಒಪ್ಪಿಲ್ಲ. ಒಪ್ಪಿದ್ದನ್ನು ಅವರ ಲೆಟರ್‌ಹೆಡ್ಡಿನ ಮೇಲೆ ಸಹಿ ಹಾಕಿಸಿ ತರಿಸಿಕೊಳ್ಳುವುದು ಸಂಕೋಚದ ವಿಷಯವಲ್ಲ. ಸಾಮಾನ್ಯವಾಗಿ ಬಾಕಿಗೆ ದಾವೆ ಹೂಡಲು ಇರುವ ಅವಧಿ ಮೂರು ವರ್ಷ. ಆ ಅವಧಿ ಮುಗಿಯುವುದರೊಳಗೆ ಬಾಕಿಯಿದೆ ಎಂದು ಬರೆದು ಸಹಿ ಮಾಡಿಕೊಟ್ಟರೆ ಆ ಮೂರು ವರ್ಷ ಹೊಸದಾಗಿ ಶುರುವಾಗುತ್ತದೆ.

ಕಾನೂನಿನ ಮಾತು ಬಂದದ್ದಕ್ಕೆ ಇಷ್ಟು ಹೇಳಬೇಕು. ಉದ್ಯಮ್ ನೋಂದಣಿ ಇರುವ ಅತಿ ಸಣ್ಣ ಮತ್ತು ಸಣ್ಣ ತಯಾರಕರಿಗೆ, ಸೇವೆ ಕೊಡುವವರಿಗೆ 2006ರ ಎಂಎಸ್‌ಎಂಇ ಕಾಯ್ದೆಯ ಬೆಂಬಲವಿದೆ. ಬರೀ ಕೊಂಡು ಮಾರುವ ವ್ಯಾಪಾರಿಗಳಿಗೆ ಇದು ಸಿಗುವುದಿಲ್ಲ. ಎಲ್ಲ ಬಿಲ್ಲಿಗೂ 45 ದಿನ ಕಾಲಾವಕಾಶವಿದೆ ಎಂದು ಎಷ್ಟೋ ಜನ ತಿಳಿದಿದ್ದಾರೆ, ಅದು ತಪ್ಪು. ಬರವಣಿಗೆಯಲ್ಲಿ ಒಪ್ಪಿದ ದಿನಕ್ಕೇ ಕೊಡಬೇಕು, ಆ ಒಪ್ಪಂದ 45 ದಿನ ಮೀರುವಂತಿಲ್ಲ. ಬರವಣಿಗೆಯೇ ಇಲ್ಲದಿದ್ದರೆ 15 ದಿನ. ನಮ್ಮ ಲೆಕ್ಕದಲ್ಲಿ ವಾಯಿದೆ ಜುಲೈ 8ಕ್ಕೇ ಮುಗಿದಿದೆ. ತಡವಾದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ತಿಂಗಳಿಗೊಮ್ಮೆ ಚಕ್ರಬಡ್ಡಿ. ಬ್ಯಾಂಕ್ ದರ ಶೇಕಡಾ 5.5 ಇದ್ದರೆ ಬಡ್ಡಿ 16.5, ನಮ್ಮ ಬಿಲ್ಲಿನ ಮೇಲೆ ಮೊದಲ ತಿಂಗಳಿಗೆ 3,245 ರೂಪಾಯಿ. ಕೊಡದಿದ್ದರೆ ರಾಜ್ಯದ ಫೆಸಿಲಿಟೇಷನ್ ಕೌನ್ಸಿಲಿಗೆ ದೂರು ಒಯ್ಯಬಹುದು. ಅಲ್ಲದೆ 2023ರ ಹಣಕಾಸು ಕಾಯ್ದೆ ತಂದ ಬದಲಾವಣೆಯ ಪ್ರಕಾರ, ಇಂಥ ಬಾಕಿಯನ್ನು ಗಡುವು ಮೀರಿ ಉಳಿಸಿಕೊಂಡರೆ ಗಿರಾಕಿಗೆ ಆ ಖರ್ಚಿನ ಆದಾಯ ತೆರಿಗೆ ವಿನಾಯಿತಿ ಸಿಗುವುದು ದುಡ್ಡು ಕೊಟ್ಟ ವರ್ಷದಲ್ಲಿ ಮಾತ್ರ. ಅದರ ಬಿಸಿ ತಟ್ಟುವುದು ಮಾರ್ಚ್ ಕೊನೆಯಲ್ಲಿ. ಜುಲೈನಲ್ಲಿ ಅದನ್ನು ಹೇಳಿ ಪ್ರಯೋಜನ ಕಡಿಮೆ.

ಬಡ್ಡಿಯ ಅಸ್ತ್ರವನ್ನು ಹಳೆಯ ಗಿರಾಕಿಯ ಮೇಲೆ ಮೊದಲ ಪತ್ರದಲ್ಲೇ ಎತ್ತುವುದು ನನಗೆ ಸರಿಕಾಣುವುದಿಲ್ಲ. ಬಿಲ್ಲಿನ ಕೆಳಗೆ ಉದ್ಯಮ್ ನಂಬರನ್ನೂ ವಾಯಿದೆಯ ಕೊನೆಯ ತಾರೀಖನ್ನೂ ಎಲ್ಲರಿಗೂ ಒಂದೇ ತೆರನಾಗಿ ಅಚ್ಚು ಹಾಕಿಸಿಟ್ಟರೆ ಸಾಕು, ಓದಬೇಕಾದವರು ಓದಿಕೊಳ್ಳುತ್ತಾರೆ. ‘30 ದಿನ’ ಎಂದು ಬಿಡದೆ ‘ಜುಲೈ 8’ ಎಂದೇ ಹಾಕಿಸಿ. ಎಣಿಸುವ ಕೆಲಸವನ್ನು ಗಿರಾಕಿಗೆ ಬಿಟ್ಟರೆ ಅವರು ಬಿಲ್ಲು ಕೈಗೆ ಬಂದ ದಿನದಿಂದ ಎಣಿಸುತ್ತಾರೆ, ಮಾಲು ಬಂದ ದಿನದಿಂದಲ್ಲ.