ಉದ್ದದ ದಾರಿಯೇ ಏಕೆ?

"ಮರದಲ್ಲಿ ಎರಡು ಎಲೆ ಇದ್ದೇ ಇರುತ್ತೆ ಅನ್ನೋಕೆ ಪುಸ್ತಕದಲ್ಲಿ ಅತಿ ಉದ್ದದ ದಾರಿ ಹಿಡೀತಾರೆ. ಅದೇ ಯಾಕೆ ಸರ್? ಯಾವುದೋ ಒಂದು ದಾರಿ ಸಾಲದಾ?" ಎಂದು ಬಿ.ಎಸ್ಸಿ. ವಿದ್ಯಾರ್ಥಿನಿಯೊಬ್ಬಳು ಪತ್ರ ಬರೆದಿದ್ದಾಳೆ. ಒಳ್ಳೆಯ ತಕರಾರು.

ಗ್ರಾಫ್ ಸಿದ್ಧಾಂತದ ಮರವೆಂದರೆ ಗೆರೆಗಳಿಂದ ಕೂಡಿಸಿದ ಬಿಂದುಗಳು. ಯಾವ ಬಿಂದುವಿನಿಂದಲೂ ಯಾವುದಕ್ಕೂ ಹೋಗಬಹುದು, ಆದರೆ ಸುತ್ತು ಹಾಕಿ ಹೊರಟಲ್ಲಿಗೇ ಬರುವಂತಿಲ್ಲ. ಒಂದೇ ಗೆರೆ ತಾಗಿದ ಬಿಂದು ಎಲೆ.

ಕ, ಖ, ಗ, ಘ ಸಾಲಾಗಿವೆ, ಗ-ಕ್ಕೆ ಚ ಕೂಡ ಅಂಟಿದೆ ಎನ್ನಿ. ಕ-ಖ-ಗ ದಾರಿ ಹಿಡಿದರೆ ಕೊನೆಯ ಗ ಎಲೆಯಲ್ಲ. ಅಲ್ಲಿಂದ ಮುಂದೆ ಹೋಗಬಹುದು. ಕ-ಖ-ಗ-ಘ ಅತಿ ಉದ್ದದ್ದು. ಘ-ದಿಂದ ಇನ್ನೊಂದು ಗೆರೆ ಹೊರಟರೆ? ಅದು ದಾರಿಯಲ್ಲೇ ಇರುವ ಖ-ವನ್ನು ಮುಟ್ಟಿದರೆ ಖ-ಗ-ಘ ಸುತ್ತು ಬಿತ್ತು. ಹೊಸ ಬಿಂದುವನ್ನು ಮುಟ್ಟಿದರೆ ದಾರಿ ಇನ್ನೂ ಉದ್ದವಾಯಿತು. ಎರಡೂ ಆಗದ ಮಾತು. ಕ-ದ ತುದಿಗೂ ಇದೇ ವಾದ. ಹೀಗೆ ಎರಡು ಎಲೆ.

ನಿಜ ಹೇಳಬೇಕೆಂದರೆ 'ಅತಿ ಉದ್ದ' ಎನ್ನುವುದು ಬೇಕಾದ್ದಕ್ಕಿಂತ ಹೆಚ್ಚು. ಘ-ಗ-ಚ ಗಿಡ್ಡ ದಾರಿ, ಆದರೂ ಎರಡೂ ತುದಿಯಲ್ಲಿ ಬೆಳೆಸಲಾಗದು, ತುದಿಗಳೆರಡೂ ಎಲೆಗಳೇ. ಬೆಳೆಸಲಾಗದ ದಾರಿ ಸಿಕ್ಕರೆ ಸಾಕು.

ಬಿಂದುಗಳ ಸಂಖ್ಯೆ ಸೀಮಿತವಾದ್ದರಿಂದ ಅಂಥ ದಾರಿ ಸಿಕ್ಕೇ ಸಿಗುತ್ತದೆ. …, -1, 0, 1, … ಎಂದು ಎರಡೂ ಕಡೆ ಮುಗಿಯದ ಸಾಲೂ ಮರವೇ. ಅದರಲ್ಲಿ ಒಂದೂ ಎಲೆಯಿಲ್ಲ. ಒಂಟಿ ಬಿಂದುವಿನ ಮರಕ್ಕೂ ಅಷ್ಟೆ, ಹಾಗಾಗಿ ಪ್ರಮೇಯ 'ಕನಿಷ್ಠ 2 ಬಿಂದು' ಎಂದು ಮೊದಲೇ ಕೇಳುತ್ತದೆ.